ಅಡ್ಡ ಕೂಡಿ, ಉದ್ದ ಕೂಡಿ: ಹಾಜರಿ ಪುಸ್ತಕದ ಫೋಟೊದಿಂದ ವಾರದ ಬಟವಾಡೆ

ಕಟ್ಟಡ ಕೆಲಸದ ಜಾಗದಲ್ಲಿ ಮೇಸ್ತ್ರಿ ಹಾಜರಿ ಬರೆಯುತ್ತಾರೆ. ಶನಿವಾರ ಮಧ್ಯಾಹ್ನ ಆ ಪುಟದ ಫೋಟೊ ಫೋನಿಗೆ ಬರುತ್ತದೆ, ಸಂಜೆಯೊಳಗೆ ಬಟವಾಡೆ ಆಗಬೇಕು. ಇಲ್ಲಿ ಗುಣಾಕಾರ ತಪ್ಪುವುದು ಅಪರೂಪ. ತಪ್ಪುವುದು ಫೋಟೊ ಓದುವಾಗ. ಅರ್ಧ ದಿನದ ಗುರುತನ್ನು ಪೂರ್ತಿ ದಿನ ಎಂದು ಓದಿದರೆ ಕೊಡುವವರಿಗೆ ನಷ್ಟ, ಪೂರ್ತಿಯನ್ನು ಅರ್ಧ ಎಂದು ಓದಿದರೆ ಆಳಿನ ಅರ್ಧ ದಿನದ ದುಡಿಮೆಯೇ ಹೋಯಿತು. ಒಂದೇ ಪುಟವನ್ನು ಅಡ್ಡಲಾಗಿಯೂ ಮೇಲಿನಿಂದ ಕೆಳಕ್ಕೂ ಕೂಡಿ, ಎರಡನ್ನೂ ಪುಸ್ತಕದ ಮೊತ್ತದೊಂದಿಗೆ ತಾಳೆ ನೋಡಿದರೆ ಇಂಥ ತಪ್ಪುಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ.

ಮೊದಲು ಗುರುತುಗಳ ಅರ್ಥ ಕೇಳಿ

ಹಾಜರಿ ಗುರುತು ಎಲ್ಲ ಕಡೆ ಒಂದೇ ಅಲ್ಲ. ಬಹಳ ಪುಸ್ತಕಗಳಲ್ಲಿ ಬೆಳಗಿನ ಹೊತ್ತಿಗೆ ಒಂದು ಓರೆ ಗೀರು, ಮಧ್ಯಾಹ್ನದ ನಂತರ ಅದರ ಮೇಲೆ ಇನ್ನೊಂದು ಗೀರು ಎಳೆಯುತ್ತಾರೆ. ಎರಡೂ ಸೇರಿ ಗುಣಾಕಾರದ ಚಿಹ್ನೆ ಆದರೆ ಪೂರ್ತಿ ದಿನ, ಒಂದೇ ಗೀರು ಉಳಿದರೆ ಅರ್ಧ ದಿನ. ಆದರೆ ಇನ್ನು ಕೆಲವರು ಅದೇ ಗುಣಾಕಾರದ ಚಿಹ್ನೆಯನ್ನು ಗೈರುಹಾಜರಿಗೆ ಬಳಸುತ್ತಾರೆ. ಹೊಸ ಮೇಸ್ತ್ರಿಯ ಪುಟ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಪೂರ್ತಿ ದಿನಕ್ಕೆ ಏನು, ಅರ್ಧಕ್ಕೆ ಏನು, ಬಾರದಿದ್ದರೆ ಏನು ಬರೆಯುತ್ತೀರಿ? ಖಾಲಿ ಬಿಟ್ಟ ಮನೆಯ ಬಗ್ಗೆಯೂ ಕೇಳಬೇಕು. ಖಾಲಿ ಎಂದರೆ ಗೈರೂ ಆಗಿರಬಹುದು, ಗುರುತು ಹಾಕಲು ಮರೆತದ್ದೂ ಆಗಿರಬಹುದು.

ಫೋಟೊ ಹೇಗಿರಬೇಕು

ಪುಟವನ್ನು ಚಪ್ಪಟೆಯಾಗಿ ಇಟ್ಟು, ಫೋನನ್ನು ಅದರ ಮೇಲೆ ಸಮನಾಗಿ ಹಿಡಿದು, ಫ್ಲ್ಯಾಶ್ ಇಲ್ಲದೆ ಬೆಳಕಿನಲ್ಲಿ ತೆಗೆಯಲು ಹೇಳಿ. ಓರೆಯಾಗಿ ತೆಗೆದರೆ ದೂರದ ಸಾಲುಗಳು ಕಿರಿದಾಗಿ, ಹೆಸರಿನಿಂದ ಗುರುತಿನವರೆಗೆ ಹೋಗುವಾಗ ಕಣ್ಣು ಮೇಲಿನ ಅಥವಾ ಕೆಳಗಿನ ಸಾಲಿಗೆ ಜಾರುತ್ತದೆ. ಬರೆದ ಹಾಳೆಯ ಕೆಳಗೆ ಒಂದು ಖಾಲಿ ಬಿಳಿ ಹಾಳೆ ಸೇರಿಸಿದರೆ ಮುಂದಿನ ಪುಟದ ಬರಹ ಇಣುಕುವುದಿಲ್ಲ. ಆದರೆ ಅದೇ ಹಾಳೆಯ ಹಿಂಬದಿಯಲ್ಲಿ ಶಾಯಿ ಇಳಿದಿದ್ದರೆ ಇದರಿಂದ ಉಪಯೋಗವಿಲ್ಲ. ಹಿಂದಿನ ಓರೆ ಗೀರು ಮುಂದಿನಿಂದ ಕಾಣುವಾಗ ಎದುರು ದಿಕ್ಕಿಗೆ ವಾಲಿರುತ್ತದೆ. ಈ ಬದಿಯ ಒಂಟಿ ಗೀರಿನ ಮೇಲೆ ಅದು ಬಿದ್ದರೆ, ಫೋಟೊದಲ್ಲಿ ಅರ್ಧ ದಿನ ಪೂರ್ತಿ ದಿನದಂತೆಯೇ ಕಾಣುತ್ತದೆ. ಎರಡು ಗೀರುಗಳಲ್ಲಿ ಒಂದು ಮಸುಕಾಗಿದ್ದರೆ ಅನುಮಾನ ಪಡಿ.

ಪುಸ್ತಕ ಎರಡು ಪುಟಕ್ಕೆ ಹರಡಿದ್ದರೆ ಬಲಪುಟದಲ್ಲಿ ಹೆಸರು ಇರುವುದಿಲ್ಲ. ಆ ಪುಟದ ಅಂಚಿನಲ್ಲೂ ಕ್ರಮಸಂಖ್ಯೆ ಬರೆಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಗೀರುಗಳು ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಸ್ಪಷ್ಟತೆ ಉಳಿಯುತ್ತದೆ.

ಗುರುತನ್ನು ಅಂಕಿಗೆ ಇಳಿಸುವುದು

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಒಬ್ಬರಿಗೆ ಒಂದು ಸಾಲು. ಪೂರ್ತಿ ದಿನಕ್ಕೆ 1, ಅರ್ಧಕ್ಕೆ 0.5, ಗೈರಿಗೆ 0. ಓದಲಾಗದ ಮನೆಗೆ ಸೊನ್ನೆ ಹಾಕಲೇಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ಸೊನ್ನೆ ಹಾಕಿದ ಕೂಡಲೇ ಅನುಮಾನ ಮರೆತು ಆಳು ಗೈರಾಗಿಬಿಡುತ್ತಾನೆ.

ಅರ್ಧಕ್ಕೆ 1/2 ಎಂದು ಟೈಪ್ ಮಾಡುವುದು ಇನ್ನೊಂದು ಹೊಂಡ. ಶೀಟ್ ಅದನ್ನು ತಾರೀಕು ಎಂದು ತಿಳಿದು ಒಳಗೆ ನಲವತ್ತಾರು ಸಾವಿರದ ಆಸುಪಾಸಿನ ಸಂಖ್ಯೆ ಮಾಡಿಕೊಳ್ಳುತ್ತದೆ, ಮೊತ್ತ ಎಲ್ಲೋ ಹೋಗುತ್ತದೆ. ಇದು ಕಣ್ಣಿಗೆ ರಾಚುವ ತಪ್ಪಾದ್ದರಿಂದ ಅಷ್ಟು ಅಪಾಯವಿಲ್ಲ. ½ ಎಂಬ ಚಿಹ್ನೆಯನ್ನೇ ಅಂಟಿಸಿ ಅದು ಪಠ್ಯವಾಗಿ ಉಳಿದರೆ ಮಾತ್ರ ಕಷ್ಟ: ಕೂಡುವ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪ್ರಶ್ನಾರ್ಥಕ ಚಿಹ್ನೆಗೂ ಇದೇ ಗತಿ. ಅದಕ್ಕೇ ಮೊತ್ತದ ಪಕ್ಕದಲ್ಲಿ ಎಣಿಕೆಯ ಸೂತ್ರವೂ ಇರಬೇಕು. B ಯಲ್ಲಿ ದಿನದ ಕೂಲಿ, C ಯಿಂದ H ವರೆಗೆ ಸೋಮದಿಂದ ಶನಿ, I ನಲ್ಲಿ ಹಾಜರಿಯ ಮೊತ್ತ, J ಯಲ್ಲಿ ಹೆಚ್ಚುವರಿ ಗಂಟೆ ಇದ್ದರೆ ಸೂತ್ರಗಳು ಹೀಗೆ:

```
=COUNT(C2:H2)
=SUM(C2:H2)
=I2*B2+J2*B2/8*2
```

ಮೊದಲನೆಯದು ಅಂಕಿ ಇರುವ ಮನೆಗಳನ್ನಷ್ಟೇ ಎಣಿಸುತ್ತದೆ. ಉತ್ತರ 6 ಬಾರದಿದ್ದರೆ ಆ ಸಾಲಿನಲ್ಲಿ ಖಾಲಿ ಅಥವಾ ಅನುಮಾನದ ಮನೆ ಉಳಿದಿದೆ ಎಂದರ್ಥ. ಅದು ಬಗೆಹರಿಯುವ ತನಕ ಮುಂದಕ್ಕೆ ಹೋಗಬೇಡಿ.

ಐವರ ಒಂದು ವಾರ

ಒಂದು ಮತ್ತು ಎರಡನೇ ಸಾಲು ಗಾರೆ ಕೆಲಸದವರದು, ದಿನಕ್ಕೆ 960 ರೂಪಾಯಿ. ಉಳಿದ ಮೂವರು ಸಹಾಯಕರು, 640 ರೂಪಾಯಿ. ಎಂಟರಿಂದ ಸಲೀಸಾಗಿ ಭಾಗವಾಗಲೆಂದು ಈ ದರ ಹಿಡಿದಿದ್ದೇವೆ. ನಿಜದ ದರ, ಆ ಕೆಲಸಕ್ಕೂ ಆ ಪ್ರದೇಶಕ್ಕೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಇರುವಂತಿಲ್ಲ.

| ಕ್ರ.ಸಂ. | ಸೋ | ಮಂ | ಬು | ಗು | ಶು | ಶ | ಮೊತ್ತ |
|---|---|---|---|---|---|---|---|
| 1 | 1 | 1 | 1 | 1 | 1 | 1 | 6 |
| 2 | 1 | 1 | 0 | 1 | 1 | 0.5 | 4.5 |
| 3 | 1 | 1 | 1 | 0.5 | 1 | 1 | 5.5 |
| 4 | 1 | 0 | 1 | 1 | 1 | 1 | 5 |
| 5 | 1 | 1 | 1 | 1 | 0 | 1 | 5 |
| ಒಟ್ಟು ಆಳು | 5 | 4 | 4 | 4.5 | 4 | 4.5 | 26 |

ಬಲಗಡೆಯ ಮೊತ್ತ, ಕೆಳಗಿನ ‘ಒಟ್ಟು ಆಳು’ ಎರಡನ್ನೂ ಮೇಸ್ತ್ರಿ ಪುಸ್ತಕದಲ್ಲಿ ಬರೆದಿರುತ್ತಾರೆ ಎಂದಿಟ್ಟುಕೊಳ್ಳಿ. ಅವನ್ನು ನೋಡಿ ನಕಲು ಮಾಡದೆ, ಮನೆಗಳನ್ನು ತುಂಬಿ ನಿಮ್ಮ ಮೊತ್ತ ಬಂದ ಮೇಲೆ ಹೋಲಿಸಿ.

ಮೂರನೇ ಸಾಲಿನ ಗುರುವಾರದ ಒಂಟಿ ಗೀರನ್ನು, ಹಿಂಬದಿಯ ಶಾಯಿಯ ಕಾರಣ, ಪೂರ್ತಿ ದಿನ ಎಂದು ಓದಿದಿರಿ ಎನ್ನೋಣ. ನಿಮ್ಮ ಶೀಟ್‌ನಲ್ಲಿ ಮೂರನೇ ಸಾಲು 6 ಆಗುತ್ತದೆ, ಪುಸ್ತಕದಲ್ಲಿ 5.5. ಗುರುವಾರ ನಿಮಗೆ 5, ಪುಸ್ತಕದಲ್ಲಿ 4.5. ಎರಡು ಕಡೆಯೂ ಅರ್ಧವೇ ಹೆಚ್ಚು. ಆ ಸಾಲೂ ಆ ದಿನವೂ ಕೂಡುವ ಮನೆಯೇ ತಪ್ಪಿನ ಮನೆ. ಇಡೀ ಪುಟ ಮತ್ತೆ ಓದಬೇಕಿಲ್ಲ, ಅದೊಂದನ್ನೇ ದೊಡ್ಡದು ಮಾಡಿ ನೋಡಿ.

ಸಾಲು ಜಾರಿದರೆ ಕುರುಹು ಬೇರೆ. ಮಂಗಳವಾರ ನಾಲ್ಕನೆಯವರ ಗೈರು ಐದನೆಯವರಿಗೂ, ಐದನೆಯವರ ಹಾಜರಿ ನಾಲ್ಕನೆಯವರಿಗೂ ಹೋದರೆ, ದಿನದ ಮೊತ್ತ 4 ಆಗಿಯೇ ಇರುತ್ತದೆ. ಆದರೆ ನಾಲ್ಕನೇ ಸಾಲು 6, ಐದನೆಯದು 4. ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಒಂದು ಹೆಚ್ಚಿ ಇನ್ನೊಂದು ಅಷ್ಟೇ ತಗ್ಗಿದ್ದರೆ, ಎಲ್ಲ ದಿನಗಳ ಮೊತ್ತವೂ ಸರಿಯಿದ್ದರೆ, ಜಾರಿದ್ದು ಕಣ್ಣು.

ದಿನಗಳೆಲ್ಲ ತಾಳೆಯಾಗಿ ಒಂದೇ ಒಂದು ಸಾಲು ಮಾತ್ರ ಬೇರೆ ಬಂದರೆ, ಬಹುತೇಕ ಮೇಸ್ತ್ರಿಯೇ ಆ ಸಾಲನ್ನು ತಪ್ಪಾಗಿ ಕೂಡಿರುತ್ತಾರೆ. ಆಗ ಪುಸ್ತಕದ ಮೊತ್ತಕ್ಕೆ ಹೊಂದಿಸಲು ನಿಮ್ಮ ಅಂಕಿ ತಿದ್ದಬೇಡಿ, ಫೋನ್ ಮಾಡಿ ಕೇಳಿ. ಕೆಳಗೆ ಒಟ್ಟು ಆಳು ಬರೆಯುವ ಅಭ್ಯಾಸವೇ ಇಲ್ಲದಿದ್ದರೆ, ದಿನವೂ ಸಂಜೆ ‘ಇವತ್ತು ಎಷ್ಟು ಆಳು’ ಎಂಬುದೊಂದನ್ನು ಮೆಸೇಜ್‌ನಲ್ಲಿ ತರಿಸಿಕೊಳ್ಳಿ. ಪುಸ್ತಕದಿಂದ ಬೇರೆಯಾಗಿ ಬಂದ ಅಂಕಿಯಾದ್ದರಿಂದ ಅದು ಇನ್ನೂ ಗಟ್ಟಿ ಸಾಕ್ಷಿ.

ಈ ತಾಳೆ ಹಿಡಿಯಲಾಗದ್ದೂ ಒಂದಿದೆ. ಕೆಲಸಕ್ಕೆ ಬಾರದವರಿಗೆ ಮೇಸ್ತ್ರಿಯೇ ಹಾಜರಿ ಹಾಕಿದ್ದರೆ ಅಡ್ಡವೂ ಉದ್ದವೂ ಚೆನ್ನಾಗಿಯೇ ಕೂಡುತ್ತದೆ. ಅದು ಕೆಲಸದ ಜಾಗದಲ್ಲಿ ತಲೆ ಎಣಿಸಿದರಷ್ಟೇ ಗೊತ್ತಾಗುವ ವಿಷಯ.

ಒಂದೂವರೆ ಹಾಜರಿಯ ತೊಡಕು

ಹೆಚ್ಚುವರಿ ಹೊತ್ತು ದುಡಿದವರಿಗೆ ಕೆಲವರು ಗಂಟೆ ಬರೆಯುತ್ತಾರೆ, ಕೆಲವರು ‘ಒಂದೂವರೆ’ ಎಂದು ಹಾಜರಿಯನ್ನೇ ಏರಿಸುತ್ತಾರೆ. ಎರಡೂ ಒಂದೇ ಪುಟದಲ್ಲಿದ್ದರೆ ಒಂದೇ ದುಡಿಮೆಗೆ ಎರಡು ಸಲ ಲೆಕ್ಕ ಬೀಳುತ್ತದೆ. ಹಾಜರಿಯಲ್ಲಿ ಒಂದಕ್ಕಿಂತ ಹೆಚ್ಚು ಇಡದೆ, ಉಳಿದದ್ದನ್ನು ಗಂಟೆಯಾಗಿ ಬೇರೆ ಬರೆಯುವುದೇ ಸರಿಯಾದ ದಾರಿ.

ಒಂದೂವರೆ ಎಂದರೆ ಎಷ್ಟು ಗಂಟೆ? ವೇತನ ಸಂಹಿತೆ, 2019ರ ಪ್ರಕಾರ ಹೆಚ್ಚುವರಿ ಅವಧಿಗೆ ಮಾಮೂಲು ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕೊಡಬೇಕು. ಎಂಟು ಗಂಟೆಯ ದಿನದಲ್ಲಿ 2 ಗಂಟೆ ಹೆಚ್ಚು ದುಡಿದರೆ ದುಪ್ಪಟ್ಟಿನಲ್ಲಿ 4 ಗಂಟೆಯ ಕೂಲಿ, ಅಂದರೆ ಅರ್ಧ ಹಾಜರಿ. 4 ಗಂಟೆ ಹೆಚ್ಚು ದುಡಿದವರಿಗೆ ಸಲ್ಲಬೇಕಾದದ್ದು ಇಡೀ ಒಂದು ಹಾಜರಿ. ಅವರಿಗೂ ‘ಒಂದೂವರೆ’ ಎಂದೇ ಬರೆದಿದ್ದರೆ ಅರ್ಧ ಹಾಜರಿ ಖೋತಾ. ಆದ್ದರಿಂದ ಒಂದೂವರೆ ಕಂಡಲ್ಲೆಲ್ಲ ಎಷ್ಟು ಗಂಟೆಗೆ ಕೆಲಸ ಬಿಟ್ಟರು ಎಂದು ಕೇಳಿ.

ನಮ್ಮ ಐವರಲ್ಲಿ ಒಂದನೆಯವರು 3 ಗಂಟೆ, ಮೂರನೆಯವರು 2, ಐದನೆಯವರು 4 ಗಂಟೆ ಹೆಚ್ಚು ದುಡಿದಿದ್ದಾರೆ. 960ರ ಗಂಟೆ ದರ 120, ದುಪ್ಪಟ್ಟು 240. 640ಕ್ಕೆ 80, ದುಪ್ಪಟ್ಟು 160. ಒಂದನೆಯವರಿಗೆ 5,760ಕ್ಕೆ 720 ಸೇರಿ 6,480. ಎರಡನೆಯವರಿಗೆ 4,320. ಮೂರನೆಯವರಿಗೆ 3,520 ಮತ್ತು 320, ಒಟ್ಟು 3,840. ನಾಲ್ಕನೆಯವರಿಗೆ 3,200. ಐದನೆಯವರಿಗೆ 3,200 ಮತ್ತು 640, ಒಟ್ಟು 3,840. ಎಲ್ಲ ಸೇರಿ 21,680 ರೂಪಾಯಿ.

ಹಣದ ಲೆಕ್ಕವನ್ನೂ ಇನ್ನೊಂದು ದಾರಿಯಿಂದ ತಾಳೆ ಮಾಡಿ. ಗಾರೆಯವರ ಒಟ್ಟು ಹಾಜರಿ 10.5, ಅದಕ್ಕೆ 10,080. ಸಹಾಯಕರದು 15.5, ಅದಕ್ಕೆ 9,920. ಎರಡೂ ಸೇರಿ 20,000. ಹೆಚ್ಚುವರಿ ಗಂಟೆಗಳಿಗೆ 720 ಮತ್ತು 960, ಒಟ್ಟು 1,680. ಮತ್ತೆ 21,680. ಯಾರದೋ ಸಾಲಿನಲ್ಲಿ ಗಾರೆಯವರ ಬದಲು ಸಹಾಯಕರ ದರ ಬಿದ್ದಿದ್ದರೆ ಈ ಎರಡು ಮೊತ್ತ ಕೂಡುವುದಿಲ್ಲ.

ಮುಂಗಡ ಕಳೆಯುವಾಗ

ಮುಂಗಡವನ್ನು ಕೊನೆಗೆ, ಬೇರೆ ಕಾಲಂನಲ್ಲಿ ಕಳೆಯಿರಿ. ಎಲ್ಲ ಕಡಿತಗಳೂ ಸೇರಿ ಆ ವಾರದ ಕೂಲಿಯ ಅರ್ಧವನ್ನು ಮೀರಬಾರದು ಎಂದು ಅದೇ ಸಂಹಿತೆ ಹೇಳುತ್ತದೆ. ಎರಡನೆಯವರು 1,000 ಪಡೆದಿದ್ದರೆ 3,320 ಕೈಗೆ ಬರುತ್ತದೆ. ಐದನೆಯವರು 2,500 ಪಡೆದಿದ್ದರೆ 3,840ರ ಅರ್ಧ, ಅಂದರೆ 1,920 ಮಾತ್ರ ಈಗ ಹಿಡಿಯಬಹುದು. ಉಳಿದ 580 ಮುಂದಿನ ವಾರಕ್ಕೆ. ಕಡಿತ 2,920 ಹೋಗಿ ಬಟವಾಡೆಗೆ ಬೇಕಾದದ್ದು 18,760 ರೂಪಾಯಿ.

ವಾರದ ಲೆಕ್ಕದಲ್ಲಿ ಕೂಲಿ ಕೊಡುವುದಾದರೆ ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನವೇ ಕೊಡಬೇಕು. ಸಹಿ ಅಥವಾ ಹೆಬ್ಬೆಟ್ಟು ಹಾಕಿಸುವ ಮೊದಲು ಹಾಜರಿ, ಹೆಚ್ಚುವರಿ ಗಂಟೆ, ಮುಂಗಡ ಮೂರನ್ನೂ ಪ್ರತಿಯೊಬ್ಬರಿಗೂ ಓದಿ ಹೇಳಿ. ‘ಗುರುವಾರ ನಾನು ಮಧ್ಯಾಹ್ನವೂ ಇದ್ದೆ’ ಎಂದು ಯಾರಾದರೂ ಅಂದರೆ, ಶೀಟ್ ತೋರಿಸಿ ವಾದಿಸುವುದಲ್ಲ, ಮೂಲ ಫೋಟೊ ತೆರೆದು ಆ ಮನೆಯನ್ನು ಒಟ್ಟಿಗೆ ನೋಡಬೇಕು. ಅದರಲ್ಲೂ ತೀರ್ಮಾನವಾಗದಿದ್ದರೆ ಪುಸ್ತಕವನ್ನೇ ತರಿಸಿ. ತಿದ್ದುಪಡಿಯಾದರೆ ಪುಸ್ತಕದಲ್ಲಿ ಹಳೆಯ ಗುರುತು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆದು, ಮೇಸ್ತ್ರಿಯ ಸಹಿಯೊಂದಿಗೆ ಮತ್ತೊಂದು ಫೋಟೊ ತೆಗೆದು, ಕೆಲಸದ ಜಾಗ ಮತ್ತು ವಾರದ ತಾರೀಕಿನ ಹೆಸರಿನಲ್ಲಿ ಎರಡೂ ಫೋಟೊಗಳನ್ನು ಒಟ್ಟಿಗೆ ಇಡಿ.