ಮಾಲು ಯಾರದ್ದು, ದುಡ್ಡು ಯಾರಿಗೆ: ವಾಯ್ಡ್, ವಾಯ್ಡಬಲ್, ಇಲ್ಲೀಗಲ್ ಪಟ್ಟಿಯನ್ನು ನಾನು ಮತ್ತೆ ಬರೆದದ್ದು

ಕಾಂಟ್ರಾಕ್ಟ್ ಕಾಯ್ದೆಯ ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ನಾನು ವಾಯ್ಡ್ ಅಂದರೆ ಶೂನ್ಯ, ವಾಯ್ಡಬಲ್ ಅಂದರೆ ಮೋಸಹೋದವರು ಬೇಕಾದರೆ ರದ್ದು ಮಾಡಬಹುದಾದ, ಇಲ್ಲೀಗಲ್ ಅಂದರೆ ಕಾನೂನುಬಾಹಿರ ಒಪ್ಪಂದ, ಈ ಮೂರರ ವ್ಯತ್ಯಾಸದ ಪಟ್ಟಿ ಬರೆದಿದ್ದೆ. ಮೂರು ಕಾಲಂ, ಹತ್ತು ಸಾಲು, ಅಂಚಿಗೆ ಸ್ಕೇಲಿಟ್ಟು ಗೆರೆ. 10ಕ್ಕೆ 4 ಬಂತು. ಅದರ ಕೆಳಗಿದ್ದ ಸಮಸ್ಯೆ ಪ್ರಶ್ನೆಗೆ ಸೊನ್ನೆ. ಪಟ್ಟಿ ಬಾಯಿಪಾಠ ಬಂದಿತ್ತು, ಆದರೆ ಎದುರಿಗಿದ್ದ ಕತೆ ಯಾವ ಕಾಲಂಗೆ ಸೇರುತ್ತದೆ ಅಂತ ಗೊತ್ತಾಗಿರಲಿಲ್ಲ.

ರಜೆಗೆ ಸೋಮವಾರಪೇಟೆ ಹತ್ತಿರದ ಮನೆಗೆ ಬಂದಾಗ ಕಾಫಿ ಕುಯ್ಲು ನಡೆದಿತ್ತು. ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚುವಾಗ ಅಪ್ಪನಿಗೆ ಮೂರರ ವ್ಯತ್ಯಾಸ ಹೇಳಲು ಹೋದೆ. ಸ್ವಲ್ಪ ಹೊತ್ತು ಕೇಳಿದ ಅಪ್ಪ, "ನೀನು ಬರೀ ಹೆಸರು ಹೇಳ್ತಿದ್ದೀಯ ಮಗಾ. ಮಾಲು ಯಾರಿಗೆ ಸೇರ್ತು, ದುಡ್ಡು ಯಾರಿಗೆ ವಾಪಸ್ ಬರುತ್ತೆ, ಅದನ್ನ ಹೇಳು" ಅಂದರು. ಆ ರಾತ್ರಿಯೇ ಹಳೆ ಪಟ್ಟಿ ಬಿಟ್ಟು ಹೊಸದು ಶುರು ಮಾಡಿದೆ. ಸಾಲುಗಳ ಜಾಗದಲ್ಲಿ ವಿಷಯದ ಹೆಸರಿನ ಬದಲು ಪ್ರಶ್ನೆ ಹಾಕಿದೆ.

| ಪ್ರಶ್ನೆ | ವಾಯ್ಡ್ | ವಾಯ್ಡಬಲ್ | ಇಲ್ಲೀಗಲ್ |
|---|---|---|---|
| ಕರಾರು ಆಗಿದೆಯಾ? | ಇಲ್ಲ, ಕೋರ್ಟಿನಲ್ಲಿ ನಿಲ್ಲದ ಬರೀ ಒಪ್ಪಂದ | ಆಗಿದೆ, ರದ್ದು ಮಾಡುವ ತನಕ ನಿಲ್ಲುತ್ತದೆ | ಇಲ್ಲ |
| ಕೊಟ್ಟದ್ದು ವಾಪಸ್ ಬರುತ್ತದಾ? | ಶೂನ್ಯ ಅಂತ ಆಮೇಲೆ ತಿಳಿದರೆ ಹೌದು, ಸೆಕ್ಷನ್ 65 | ರದ್ದು ಮಾಡಿದರೆ ಹೌದು, ಸೆಕ್ಷನ್ 64 | ಸಾಮಾನ್ಯವಾಗಿ ಇಲ್ಲ |
| ಮೂರನೆಯವರು ಮಾಲು ಕೊಂಡಿದ್ದರೆ? | ಒಡೆತನ ಸಿಗುವುದಿಲ್ಲ | ರದ್ದಾಗುವ ಮೊದಲು, ಮೋಸ ತಿಳಿಯದೆ ಕೊಂಡಿದ್ದರೆ ಸಿಗುತ್ತದೆ | |
| ಇದಕ್ಕಾಗಿ ಕೊಟ್ಟ ಸಾಲ ವಸೂಲಾಗುತ್ತದಾ? | ಹೌದು | ಹೌದು | ಉದ್ದೇಶ ಗೊತ್ತಿದ್ದೇ ಕೊಟ್ಟಿದ್ದರೆ ಇಲ್ಲ |

ಮೂರನೇ ಸಾಲಿನ ಕೊನೆಯ ಖಾನೆ ಬೇಕಂತಲೇ ಖಾಲಿ ಬಿಟ್ಟೆ. ಆ ಸಾಲು ಇರುವುದು ವಾಯ್ಡನ್ನು ವಾಯ್ಡಬಲ್‌ನಿಂದ ಬೇರೆ ಮಾಡಲು. ನಾಲ್ಕನೇ ಸಾಲು ವಾಯ್ಡನ್ನು ಇಲ್ಲೀಗಲ್‌ನಿಂದ ಬೇರೆ ಮಾಡಲು. ನನ್ನ ಮಟ್ಟಿಗೆ ಇಡೀ ಪಟ್ಟಿಯ ಜೀವ ಈ ಎರಡು ಸಾಲುಗಳಲ್ಲೇ ಇದೆ.

ಆಮೇಲೆ ಒಂದೇ ಕತೆ ಕಟ್ಟಿಕೊಂಡು ಮೂರು ಸಲ ತಿರುಗಿಸಿದೆ. ಒಬ್ಬ ಬೆಳೆಗಾರ ತನ್ನ ಗೋದಾಮಿನಲ್ಲಿರುವ 20 ಮೂಟೆ ಕಾಳುಮೆಣಸನ್ನು ಕುಶಾಲನಗರದ ವ್ಯಾಪಾರಿಗೆ ಮಾರಲು ಫೋನಿನಲ್ಲೇ ಒಪ್ಪುತ್ತಾನೆ. ವ್ಯಾಪಾರಿ 50,000 ರೂಪಾಯಿ ಮುಂಗಡ ಕಳಿಸುತ್ತಾನೆ. ಆ ದುಡ್ಡನ್ನು ಅವನು ಭಾವನ ಹತ್ತಿರ ಸಾಲ ತಂದಿದ್ದಾನೆ.

ಮೊದಲ ಸಲ ಹೀಗೆ. ಹಿಂದಿನ ರಾತ್ರಿಯೇ ಗುಡ್ಡ ಕುಸಿದು ಗೋದಾಮು ಮೂಟೆಗಳ ಸಮೇತ ಹೋಗಿದೆ. ಒಪ್ಪಿಕೊಳ್ಳುವಾಗ ಇಬ್ಬರಿಗೂ ಅದು ಗೊತ್ತಿಲ್ಲ. 2018ರ ಆಗಸ್ಟ್ ಕಂಡ ನಮ್ಮೂರಿನವರಿಗೆ ಇದು ಕಟ್ಟುಕತೆ ಅನಿಸುವುದಿಲ್ಲ. ಮಾಲು ಇದೆ ಅಂತ ಇಬ್ಬರೂ ತಪ್ಪು ತಿಳಿದಿದ್ದರು, ಆದ್ದರಿಂದ ಸೆಕ್ಷನ್ 20ರ ಪ್ರಕಾರ ಒಪ್ಪಂದ ವಾಯ್ಡ್. ಯಾರೂ ಅದನ್ನು ರದ್ದು ಮಾಡಬೇಕಿಲ್ಲ, ಅದು ಹುಟ್ಟಿಯೇ ಇಲ್ಲ. ಮುಂಗಡವನ್ನು ಬೆಳೆಗಾರ ಸೆಕ್ಷನ್ 65ರಂತೆ ಹಿಂದಿರುಗಿಸಬೇಕು. ಭಾವನ ಸಾಲಕ್ಕೆ ಏನೂ ಆಗುವುದಿಲ್ಲ, ವ್ಯಾಪಾರಿ ತೀರಿಸಲೇಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಮಾರಿದವನು 18 ತುಂಬದ ಹುಡುಗನಾಗಿದ್ದರೂ ಒಪ್ಪಂದ ವಾಯ್ಡೇ. ಆದರೆ ಅಲ್ಲಿ ಸೆಕ್ಷನ್ 65 ಕೈಹಿಡಿಯುವುದಿಲ್ಲ. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಅದನ್ನೇ. ನಾನು ಮೊದಲು ವಾಯ್ಡ್ ಕಾಲಂನಲ್ಲಿ ಸುಮ್ನೆ 'ದುಡ್ಡು ವಾಪಸ್' ಅಂತ ಬರೆದಿದ್ದೆ, ಅಲ್ಲೇ ಅಂಕ ಹೋಗಿತ್ತು.

ಎರಡನೇ ಸಲ ಮಾಲು ಇದೆ, ಮೋಸ ವ್ಯಾಪಾರಿಯದು. ದುಡ್ಡು ಕೊಡುವ ಮನಸ್ಸೇ ಇಲ್ಲದೆ "ಉಳಿದದ್ದು ಒಂದು ವಾರದಲ್ಲಿ ಕೊಡ್ತೀನಿ" ಅಂತ ಮಾತು ಕೊಟ್ಟು 20 ಮೂಟೆಯನ್ನೂ ತೆಗೆದುಕೊಂಡು ಹೋಗುತ್ತಾನೆ. ಪಾಲಿಸುವ ಉದ್ದೇಶವಿಲ್ಲದೆ ಕೊಟ್ಟ ಮಾತನ್ನು ಸೆಕ್ಷನ್ 17 ವಂಚನೆ ಅನ್ನುತ್ತದೆ. ಹಾಗಾಗಿ ಸೆಕ್ಷನ್ 19ರ ಪ್ರಕಾರ ಇದು ವಾಯ್ಡಬಲ್. ಮುರಿಯುವ ಹಕ್ಕು ಬೆಳೆಗಾರನಿಗೆ ಮಾತ್ರ, ವ್ಯಾಪಾರಿಗೆ ಇಲ್ಲ. ಬೆಳೆಗಾರ ಬೇಡ ಅನ್ನುವ ತನಕ ಕರಾರು ಗಟ್ಟಿಯಾಗಿಯೇ ಇರುತ್ತದೆ.

ಈಗ ಮೂರನೇ ಸಾಲಿನ ಪ್ರಶ್ನೆ. ಬೆಳೆಗಾರ ರದ್ದು ಮಾಡುವ ಮೊದಲೇ, ಈ ಮೋಸ ಗೊತ್ತಿಲ್ಲದ ಮೈಸೂರಿನ ವರ್ತಕನೊಬ್ಬ ಆ ಮೂಟೆಗಳನ್ನು ದುಡ್ಡು ಕೊಟ್ಟು ಕೊಂಡರೆ? 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 29ರಂತೆ ಮೆಣಸು ಅವನದೇ. ಬೆಳೆಗಾರ ವ್ಯಾಪಾರಿಯ ಬೆನ್ನು ಹತ್ತಬೇಕೇ ಹೊರತು ಮೈಸೂರಿನ ಗೋದಾಮಿಗೆ ಹೋಗಿ ಮೂಟೆ ಕೇಳುವಂತಿಲ್ಲ. ಇದನ್ನು ಓದಿದಾಗ ನನಗೆ ಬೆಳೆಗಾರನ ಮೇಲೆ ಮರುಕ ಬಂತು, ಆದರೆ ಕಾನೂನಿನ ಲೆಕ್ಕ ಅರ್ಥವಾಗಿದ್ದೂ ಆಗಲೇ. ಇದರ ಎದುರಿಗೆ 1878ರ ಕಂಡಿ ವರ್ಸಸ್ ಲಿಂಡ್ಸೆ ಇಟ್ಟು ನೋಡಿ. ಅಲ್ಲಿ ಮೋಸಗಾರ ಬೇರೊಂದು ಹೆಸರಾಂತ ಅಂಗಡಿಯವರಂತೆ ಕಾಣುವ ಹಾಗೆ ಕಾಗದ ಬರೆದು ಕರವಸ್ತ್ರ ತರಿಸಿಕೊಂಡ. ಮಾರಿದವರು ಅವನ ಜೊತೆ ವ್ಯವಹಾರ ಮಾಡಲು ಒಪ್ಪಿಯೇ ಇರಲಿಲ್ಲ, ಹಾಗಾಗಿ ಅದು ವಾಯ್ಡ್. ಅವನಿಂದ ಪ್ರಾಮಾಣಿಕವಾಗಿ ಕೊಂಡ ಕಂಡಿಗೆ ಒಡೆತನ ಸಿಗಲಿಲ್ಲ. ಎರಡೂ ಮೋಸವೇ, ಆದರೆ ಒಂದರಲ್ಲಿ ಮಾಲು ಮೂರನೆಯವನಿಗೆ ಉಳಿಯಿತು, ಇನ್ನೊಂದರಲ್ಲಿ ಉಳಿಯಲಿಲ್ಲ.

ಮೂರನೇ ಸಲ ಮೂಟೆಯೊಳಗೆ ಮೆಣಸಿನ ಜೊತೆ ಆನೆದಂತ ಇದೆ, ಇಬ್ಬರಿಗೂ ಅದು ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ವ್ಯಾಪಾರವನ್ನೇ ನಿಷೇಧಿಸಿದೆ. ಸೆಕ್ಷನ್ 23ರಂತೆ ಉದ್ದೇಶವೇ ಕಾನೂನಿಗೆ ವಿರುದ್ಧ. ಮುಂಗಡ ಕೊಡಿಸಿ ಅಂತ ವ್ಯಾಪಾರಿ ಕೋರ್ಟಿಗೆ ಬಂದರೆ, ಇಬ್ಬರೂ ಸಮಾನ ತಪ್ಪಿತಸ್ಥರು ಅಂತ ಬಾಗಿಲು ಮುಚ್ಚುತ್ತದೆ. ಭಾವನಿಗೆ ಇದೇ ವ್ಯವಹಾರಕ್ಕೆ ಅಂತ ಗೊತ್ತಿದ್ದೂ ಸಾಲ ಕೊಟ್ಟಿದ್ದರೆ ಅವನ ದುಡ್ಡೂ ಹೋಯ್ತು. ಗೊತ್ತಿರದಿದ್ದರೆ ವಸೂಲಾಗುತ್ತದೆ.

'ಇಲ್ಲೀಗಲ್ ಆದದ್ದೆಲ್ಲ ವಾಯ್ಡ್, ವಾಯ್ಡ್ ಆದದ್ದೆಲ್ಲ ಇಲ್ಲೀಗಲ್ ಅಲ್ಲ' ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕೆ ಆಧಾರ ಬರೆಯುವವರು ಕಮ್ಮಿ. ನಾನು ಬರೆಯುವುದು 1959ರ ಘೇರುಲಾಲ್ ಪಾರಖ್ ಪ್ರಕರಣ. ಇಬ್ಬರು ಪಾಲುದಾರರು ಗೋಧಿ ಧಾರಣೆಯ ಮೇಲೆ ಬಾಜಿ ಕಟ್ಟಿದರು, ನಷ್ಟವಾಯಿತು. ಒಬ್ಬ ಪೂರ್ತಿ ಕೊಟ್ಟು ಇನ್ನೊಬ್ಬನಿಂದ ಅರ್ಧ ಕೇಳಿದ. ಬಾಜಿ ಸೆಕ್ಷನ್ 30ರಂತೆ ವಾಯ್ಡ್, ಆದರೆ ಸೆಕ್ಷನ್ 23 ಹೇಳುವ ಕಾನೂನುಬಾಹಿರ ಉದ್ದೇಶ ಅದರಲ್ಲಿಲ್ಲ, ಹಾಗಾಗಿ ಅದಕ್ಕಾಗಿ ಮಾಡಿಕೊಂಡ ಪಾಲುದಾರಿಕೆ ನಿಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಾಲ್ಕನೇ ಸಾಲು ಹುಟ್ಟಿದ್ದೇ ಈ ತೀರ್ಪು ಓದಿದ ಮೇಲೆ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಬಂದ ಸಮಸ್ಯೆ ಹೀಗಿತ್ತು: ಒಬ್ಬ ಹೆದರಿಸಿ ಕಾರು ಬರೆಸಿಕೊಂಡು ಇನ್ನೊಬ್ಬನಿಗೆ ಮಾರಿದ್ದಾನೆ, ಕಾರು ಯಾರದ್ದು? ನಾನು ಮೊದಲು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ 'ರದ್ದು ಮಾಡಿದ್ದು ಯಾವಾಗ? ಕೊಂಡವನಿಗೆ ಗೊತ್ತಿತ್ತಾ?' ಅಂತ ಬರೆದುಕೊಂಡೆ. ಮಾರಾಟ ಮಾರ್ಚ್ 3, ರದ್ದು ಮಾಡಿದ ನೋಟಿಸ್ ಮಾರ್ಚ್ 10, ಕೊಂಡವನಿಗೆ ಏನೂ ಗೊತ್ತಿರಲಿಲ್ಲ. ಉತ್ತರ ನಾಲ್ಕೇ ಸಾಲಿನಲ್ಲಿ ಮುಗಿಯಿತು.