ಆಯಿಲ್ ಕೂಲರಿನಲ್ಲಿ ನೀರಿನ ಒತ್ತಡ ಎಷ್ಟು ಇಳಿಯಬೇಕು? ಲೆಕ್ಕ ಹಾಕುವ ಬಗೆ

ಸಕ್ಕರೆ ಕಾರ್ಖಾನೆಯ ಟರ್ಬೈನಿನ ಪಕ್ಕದಲ್ಲಿ ಮಲಗಿಸಿದ ಪೀಪಾಯಿಯಂತೆ ಕಾಣುವ ಲೂಬ್ ಆಯಿಲ್ ಕೂಲರ್ ಒಂದು ಶೆಲ್ ಆ್ಯಂಡ್ ಟ್ಯೂಬ್ ಶಾಖ ವಿನಿಮಯಕ. ಸಾಮಾನ್ಯವಾಗಿ ಎಣ್ಣೆ ಶೆಲ್ಲಿನಲ್ಲಿ, ಕೂಲಿಂಗ್ ಟವರಿನ ನೀರು ಟ್ಯೂಬುಗಳ ಒಳಗೆ ಹರಿಯುತ್ತದೆ. ಎಣ್ಣೆ ಬಿಸಿಯಾಗಿಯೇ ಹೊರಬರತೊಡಗಿದಾಗ ಕೂಲರನ್ನು ಬಿಚ್ಚುವ ಮುನ್ನ, ನೀರಿನ ಕಡೆಯ ಒತ್ತಡ ಎಷ್ಟು ಇಳಿಯಬೇಕು ಮತ್ತು ಎಷ್ಟು ಇಳಿಯುತ್ತಿದೆ ಎಂಬುದನ್ನು ತಾಳೆ ನೋಡಿದರೆ ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ನೀರಿನ ದಾರಿಯನ್ನು ಗುರುತಿಸಬೇಕು. ನಮ್ಮ ಉದಾಹರಣೆಯ ಕೂಲರಿನಲ್ಲಿ 16 ಮಿಲಿಮೀಟರ್ ಒಳವ್ಯಾಸದ, 3 ಮೀಟರ್ ಉದ್ದದ 120 ಟ್ಯೂಬುಗಳಿವೆ ಎಂದುಕೊಳ್ಳೋಣ. ಟ್ಯೂಬುಗಳ ಬಾಯಿಯ ಮುಂದಿನ ನೀರಿನ ಕೋಣೆಯಾದ ಚಾನೆಲ್ಲಿನ ನಡುವಿನ ಪಾರ್ಟಿಷನ್ ಪ್ಲೇಟು ಅವನ್ನು ಎರಡು ಪಾಸ್ ಆಗಿ ವಿಭಾಗಿಸಿರುವುದರಿಂದ ನೀರು ಕೆಳಗಿನ 60 ಟ್ಯೂಬುಗಳಲ್ಲಿ ಹೋಗಿ, ಆ ತುದಿಯಲ್ಲಿ ತಿರುಗಿ, ಮೇಲಿನ 60 ಟ್ಯೂಬುಗಳಲ್ಲಿ ವಾಪಸು ಬರುತ್ತದೆ. ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ ಎಂಬ ಈ ಕ್ರಮವನ್ನು ಅದಲುಬದಲು ಮಾಡಬಾರದು. ಮಾಡಿದರೆ ಮೇಲಿನ ಟ್ಯೂಬುಗಳಲ್ಲಿ ಗಾಳಿ ಸಿಕ್ಕಿಕೊಂಡು ಅವು ಕೆಲಸಕ್ಕೆ ಬಾರದಂತಾಗಬಹುದು.

ಗಂಟೆಗೆ 60 ಘನಮೀಟರ್ ನೀರು ಹರಿದರೆ ಟ್ಯೂಬಿನೊಳಗಿನ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್ ಆಗುತ್ತದೆ. ಇದು ಒಳ್ಳೆಯ ವೇಗ. ಒಂದು ಮೀಟರಿಗಿಂತ ಬಹಳ ಕಡಿಮೆಯಾದರೆ ಕೆಸರು ತಂಗುತ್ತದೆ. ಹಿತ್ತಾಳೆ ಟ್ಯೂಬುಗಳಲ್ಲಿ ಎರಡು ಮೀಟರ್ ದಾಟಿದರೆ ಬಾಯಿಯ ಬಳಿ ಲೋಹವೇ ಸವೆಯತೊಡಗುತ್ತದೆ.

ಇನ್ನು ಒತ್ತಡದ ಲೆಕ್ಕ. ಟ್ಯೂಬಿನ ಗೋಡೆಯ ಘರ್ಷಣೆ ಒಂದು ಪಾಲಾದರೆ, ಒಳಹೊಕ್ಕು ಹೊರಬಂದು ತಿರುಗುವಾಗಿನ ನಷ್ಟ ಇನ್ನೊಂದು ಪಾಲು. ಎರಡನೆಯದಕ್ಕೆ ಪ್ರತಿ ಪಾಸಿಗೆ ವೇಗಶಿರದ, ಅಂದರೆ ρv²/2ರ, ನಾಲ್ಕು ಪಟ್ಟು ಹಿಡಿಯುವುದು ರೂಢಿ.

```
ΔP = (f·L·n/d + 4n) × ρv²/2
```

ಇಲ್ಲಿ ΔP ಎಂದರೆ ಒತ್ತಡದ ಇಳಿಕೆ, n ಪಾಸುಗಳ ಸಂಖ್ಯೆ, L ಟ್ಯೂಬಿನ ಉದ್ದ, d ಅದರ ಒಳವ್ಯಾಸ, ρ ನೀರಿನ ಸಾಂದ್ರತೆ, v ಟ್ಯೂಬಿನೊಳಗಿನ ವೇಗ. f ಎಂಬ ಘರ್ಷಣಾಂಕವನ್ನು 0.027 ಎಂದು ಹಿಡಿದರೆ ಘರ್ಷಣೆಗೆ 9.6, ತಿರುವಿಗೆ 7.6 ಕಿಲೋಪ್ಯಾಸ್ಕಲ್ ಬರುತ್ತದೆ. ನೀರು ಒಳಬರುವ, ಹೊರಹೋಗುವ 100 ಮಿಲಿಮೀಟರ್ ನಾಜಲ್‌ಗಳೆರಡಕ್ಕೆ ಸುಮಾರು 3.4 ಸೇರಿಸಿದರೆ ಒಟ್ಟು 20.6, ಅಂದರೆ 0.21 ಬಾರ್.

ಇದೇ ಕೂಲರಿಗೆ ನಾಲ್ಕು ಪಾಸ್ ಮಾಡಿಸಿದರೆ ಇನ್ನೂ ಚೆನ್ನಾಗಿ ತಣ್ಣಗಾಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ವೇಗ ಎರಡು ಪಟ್ಟಾಗುತ್ತದೆ, ದಾರಿಯೂ ಎರಡು ಪಟ್ಟಾಗುತ್ತದೆ, ಒತ್ತಡದ ಇಳಿಕೆ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಟ್ಯೂಬುಗಳ ಪಾಲು ಎಂಟು ಪಟ್ಟಾಗಿ ಒಟ್ಟು 1.4 ಬಾರ್ ಮುಟ್ಟುತ್ತದೆ. ನೀರಿನ ಕಡೆಯ ಶಾಖ ವರ್ಗಾವಣೆ ಹೆಚ್ಚುವುದು ಒಂದೂಮುಕ್ಕಾಲು ಪಟ್ಟಿನಷ್ಟೇ. ಅದೂ ಅಷ್ಟು ಉಪಯೋಗವಿಲ್ಲ, ಏಕೆಂದರೆ ಇಂಥ ಕೂಲರಿನಲ್ಲಿ ಶಾಖವನ್ನು ತಡೆಹಿಡಿಯುವುದು ಹೆಚ್ಚಾಗಿ ಎಣ್ಣೆಯೇ ಹೊರತು ನೀರಲ್ಲ. ಪಂಪಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಹರಿವೇ ಕುಸಿದು, ಬಯಸಿದ ವೇಗವೂ ಸಿಗುವುದಿಲ್ಲ.

ಅಳೆಯುವಾಗ ಹೆಚ್ಚಿನವರು ಎಡವುವುದು ಗೇಜುಗಳಲ್ಲಿ. ಒಳಹರಿವಿನ ಗೇಜಿಗಿಂತ ಹೊರಹರಿವಿನ ಗೇಜು ಒಂದು ಮೀಟರ್ ಮೇಲಿದ್ದರೆ ನೀರು ನಿಂತಿದ್ದಾಗಲೂ 0.1 ಬಾರ್ ವ್ಯತ್ಯಾಸ ತೋರುತ್ತದೆ. ನಮ್ಮ ಲೆಕ್ಕದ ಅರ್ಧದಷ್ಟು ತಪ್ಪು ಅದೊಂದರಿಂದಲೇ ಬರುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಸಣ್ಣ ಪೈಪು ಎಳೆದು, ಅವುಗಳಲ್ಲಿ ನೀರು ತುಂಬಿಸಿ ಗಾಳಿ ಹೊರಬಿಟ್ಟು, ಒಂದೇ ಗೇಜಿಗೆ ಎರಡು ಕಾಕ್‌ಗಳ ಮೂಲಕ ಸರದಿಯಂತೆ ಜೋಡಿಸಿ ಓದುವುದು ಉತ್ತಮ. ಅದೇ ಹೊತ್ತಿಗೆ ಹರಿವನ್ನೂ ಬರೆದುಕೊಳ್ಳಬೇಕು. ಹರಿವು ಗೊತ್ತಿಲ್ಲದ ಒತ್ತಡದ ಅಂಕಿಯಿಂದ ಏನನ್ನೂ ಹೇಳಲಾಗದು.

ಅದೇ ಹರಿವಿನಲ್ಲಿ 0.35 ಬಾರ್ ಕಂಡರೆ ಟ್ಯೂಬುಗಳು ಕಟ್ಟಿಕೊಂಡಿವೆ. ಸುತ್ತಲೂ ಒಂದು ಮಿಲಿಮೀಟರ್ ಸುಣ್ಣದ ಪದರ ಕೂತು ವ್ಯಾಸ 14ಕ್ಕೆ ಇಳಿದರೆ ಹೆಚ್ಚುಕಡಿಮೆ ಇದೇ ಅಂಕಿ ಬರುತ್ತದೆ. ಕೆಲವು ಟ್ಯೂಬುಗಳ ಬಾಯಿಗೆ ಕಸ ಸಿಕ್ಕಿದ್ದರೂ ಅಂಕಿ ಏರುವುದರಿಂದ, ಯಾವುದೆಂದು ತೀರ್ಮಾನಿಸಲು ಕವರ್ ಬಿಚ್ಚಿ ನೋಡಲೇಬೇಕು.

ಅಂಕಿ ಕಡಿಮೆ ಬಂದಾಗ ಮಾತ್ರ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ನನ್ನ ಮಟ್ಟಿಗೆ ಹೆಚ್ಚು ಅನುಮಾನಿಸಬೇಕಾದುದು ಅದನ್ನೇ. ಗಂಟೆಗೆ 60 ಘನಮೀಟರ್ ಹರಿದೂ 0.12 ಬಾರ್ ಮಾತ್ರ ಇಳಿದಿದೆ, ಎಣ್ಣೆ ಬಿಸಿಯಾಗಿದೆ ಎಂದುಕೊಳ್ಳಿ. ನಾಜಲ್ಲಿನ ಪಾಲು ಕಳೆದರೆ ಟ್ಯೂಬುಗಳಲ್ಲಿ ಇಳಿದಿರುವುದು 17.2ರ ಬದಲು 8.6 ಕಿಲೋಪ್ಯಾಸ್ಕಲ್, ಅಂದರೆ ಅರ್ಧ. ಅರ್ಧದ ವರ್ಗಮೂಲ 0.7, ಹಾಗಾಗಿ ಟ್ಯೂಬುಗಳಲ್ಲಿ ಹೋಗುತ್ತಿರುವುದು ನೂರಕ್ಕೆ 70 ಪಾಲು ನೀರು ಮಾತ್ರ, ಉಳಿದ 30 ಪಾಲು ಪಾರ್ಟಿಷನ್ ಪ್ಲೇಟನ್ನು ದಾಟಿ ಒಳಬಾಯಿಯಿಂದ ನೇರವಾಗಿ ಹೊರಬಾಯಿಗೆ ನುಸುಳುತ್ತಿದೆ. ಚಾನೆಲ್ ಕವರ್ ಬಿಚ್ಚಿದರೆ ಕಾರಣ ಕಣ್ಣಿಗೆ ಬೀಳುತ್ತದೆ: ಹಿಂದಿನ ರಿಪೇರಿಯಲ್ಲಿ ಗ್ಯಾಸ್ಕೆಟ್ಟನ್ನು ಬರೀ ಬಳೆಯಂತೆ ಕತ್ತರಿಸಿ ಕೂರಿಸಿರುತ್ತಾರೆ, ಪ್ಲೇಟಿನ ಅಂಚಿನ ಮೇಲೆ ಕೂರಬೇಕಾದ ನಡುವಿನ ಅಡ್ಡಪಟ್ಟಿಯೇ ಇರುವುದಿಲ್ಲ. ಹೊರಗೆ ಒಂದು ಹನಿಯೂ ಸೋರದ ಕಾರಣ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.