ಒಂದು ಪತ್ರ, ಮೂರು ಸುತ್ತು: ಫಾರ್ಮಲ್ ಲೆಟರ್ ತಿದ್ದುವ ನನ್ನ ರೀತಿ

ಒಂದೇ ಪತ್ರವನ್ನು ಮೂರು ಸಲ ಕೈಗೆತ್ತಿಕೊಳ್ಳುತ್ತೇನೆ ಅಂದಾಗ ಜೊತೆಯ ಪರೀಕ್ಷಕರು ನಕ್ಕರು. "ಹೀಗೆ ತಿದ್ದಿದ್ರೆ ರಾಶಿ ಯಾವಾಗ ಮುಗಿಯುತ್ತೆ?" ಅಂದರು. ಪೇಪರಿಗಿಷ್ಟು ಅಂತ ಕೊಡುವ ಕೆಲಸದಲ್ಲಿ ನಿಧಾನವಾದರೆ ಜೇಬಿಗೇ ಪೆಟ್ಟು ತಾನೇ. ಮೊದಲೆರಡು ದಿನ ನನ್ನ ಸಂಪಾದನೆ ಮುಕ್ಕಾಲಿಗೆ ಇಳಿದದ್ದೂ ನಿಜ. ಆಮೇಲೆ ಮೊದಲಿನಷ್ಟೇ ಆಯಿತು, ಮರುಪರಿಶೀಲನೆಯಲ್ಲಿ ವಾಪಸ್ ಬರುವ ಪೇಪರ್ ಹೆಚ್ಚುಕಡಿಮೆ ನಿಂತೇ ಹೋಯಿತು. ವಾಪಸ್ ಬಂದ ಪೇಪರನ್ನು ಮತ್ತೆ ತಿದ್ದಿದರೆ ದುಡ್ಡು ಯಾರೂ ಕೊಡುವುದಿಲ್ಲ, ಅಲ್ವಾ?

ನಮಗೆ ಕೊಟ್ಟ ಸ್ಕೀಮ್ 10 ಅಂಕದ್ದು. ಫಾರ್ಮ್ಯಾಟ್ 2, ವಿಷಯ 4, ಧಾಟಿ 2, ಭಾಷೆ 2. ಒಂದೇ ಓದಿಗೆ ನಾಲ್ಕನ್ನೂ ಹಾಕಹೊರಟರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಪುಟ ಚೊಕ್ಕಟವಾಗಿದ್ದರೆ ವಿಷಯಕ್ಕೂ ಅರ್ಧ ಅಂಕ ಜಾಸ್ತಿ ಬೀಳುತ್ತದೆ. ಇದನ್ನು ತಪ್ಪಿಸಲು ಮೊದಲು ಹದಿನೈದು ಚೌಕದ ಟಿಕ್ ಪಟ್ಟಿ ಮಾಡಿದ್ದೆ. ಕೆಲಸಕ್ಕೆ ಬರಲಿಲ್ಲ. ಎಲ್ಲ ಪತ್ರಕ್ಕೂ ಆರೂವರೆಯ ಆಸುಪಾಸೇ ಬಂತು. ಚೆನ್ನಾಗಿ ಬರೆದವರಿಗೂ ಬಾಯಿಪಾಠ ಒಪ್ಪಿಸಿದವರಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಈಗ ಇಪ್ಪತ್ತೈದರ ಕಟ್ಟು ತೆಗೆದುಕೊಂಡು ಮೊದಲ ಸುತ್ತಿನಲ್ಲಿ ಎಲ್ಲದರ ಫಾರ್ಮ್ಯಾಟ್ ಮಾತ್ರ ನೋಡುತ್ತೇನೆ. ಪತ್ರದ ಒಡಲಿನ ಮೇಲೆ ರಟ್ಟು ಇಟ್ಟುಬಿಡುತ್ತೇನೆ. ಒಂದಕ್ಕೆ ಹದಿನೈದು ಸೆಕೆಂಡ್ ಸಾಕು. ಎರಡನೇ ಸುತ್ತು ವಿಷಯ. ಮೂರನೆಯದು ಧಾಟಿ, ಅದರ ಜೊತೆಗೇ ಭಾಷೆ. ಎರಡನೇ ಸುತ್ತಿಗೆ ಮುಂಚೆ ಕಟ್ಟನ್ನು ಒಂದು ರೀತಿಯಲ್ಲಿ ಜೋಡಿಸಿಕೊಳ್ಳುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಬ್ಬ ವಿದ್ಯಾರ್ಥಿನಿಯ ಪತ್ರ ನೋಡೋಣ. ಕೊಂಡ ಪ್ರಿಂಟರ್ ಒಂದೇ ವಾರಕ್ಕೆ ಕೆಟ್ಟಿದೆ, ಕಂಪನಿಯ ಮ್ಯಾನೇಜರಿಗೆ ದೂರು ಬರೆಯಬೇಕು. ವಿಳಾಸಗಳು, ತಾರೀಖು ಸರಿ. ಸಬ್ಜೆಕ್ಟ್ ಸಾಲು ಇಲ್ಲ. 'ಡಿಯರ್ ಸರ್' ಅಂತ ಶುರುಮಾಡಿ 'ಯುವರ್ಸ್ ಸಿನ್ಸಿಯರ್ಲಿ' ಅಂತ ಮುಗಿಸಿದ್ದಾಳೆ. ಹೆಸರು ಹಿಡಿದು ಸಂಬೋಧಿಸಿದ್ದರೆ ಅದು ಸರಿ, ಬರೀ 'ಸರ್' ಆದರೆ 'ಫೇತ್‌ಫುಲಿ' ಬೇಕು ಅನ್ನುತ್ತದೆ ನಮ್ಮ ಸ್ಕೀಮ್. ಎರಡಕ್ಕೂ ಅರ್ಧರ್ಧ ಹೋಯಿತು, ಫಾರ್ಮ್ಯಾಟ್ 1.

ವಿಷಯದಲ್ಲಿ ನಾಲ್ಕು ಅಂಶ: ಖರೀದಿಯ ವಿವರ, ದೋಷ, ಆದ ತೊಂದರೆ, ಕೇಳುವ ಪರಿಹಾರ. ಕೊಂಡ ತಾರೀಖು ಇದೆ, ಆರ್ಡರ್ ನಂಬರ್ ಇಲ್ಲ, ಅರ್ಧ ಅಂಕ. ಕಾಗದ ಸಿಕ್ಕಿಕೊಳ್ಳುತ್ತದೆ ಅಂತ ಸ್ಪಷ್ಟವಾಗಿ ಹೇಳಿದ್ದಾಳೆ, 1. ತೊಂದರೆಗೆ ಎರಡು ಪ್ಯಾರಾ ತುಂಬಿಸಿದ್ದಾಳೆ, ಎಷ್ಟು ಉದ್ದ ಬರೆದರೂ ಅದಕ್ಕೆ 1 ಮಾತ್ರ. ಕೊನೆಗೆ 'ಪ್ಲೀಸ್ ಡು ಸಮ್‌ಥಿಂಗ್'. ಬದಲಿಸಿ ಕೊಡಬೇಕೋ, ದುಡ್ಡು ವಾಪಸ್ ಬೇಕೋ? ಹೇಳಿಲ್ಲ, ಸೊನ್ನೆ. ಅಲ್ಲಿಗೆ ಎರಡೂವರೆ.

ಜಗಳ ಹುಟ್ಟುವುದು ಧಾಟಿಯಲ್ಲಿ. ನಡುವೆ 'ಯು ಪೀಪಲ್ ಆರ್ ಚೀಟ್ಸ್' ಅಂತ ಒಂದು ಸಾಲಿತ್ತು. ಇದನ್ನು ನೋಡಿ ಒಬ್ಬ ಪರೀಕ್ಷಕರು ಒಟ್ಟು ನಾಲ್ಕೇ ಅಂಕ ಕೊಟ್ಟರು. ಇನ್ನೊಬ್ಬರು ಕತೆಗೆ ಕರಗಿ ಎಂಟು ಕೊಟ್ಟರು. ನನ್ನ ಲೆಕ್ಕ ಸರಳ. ಉಳಿದದ್ದು ಸಭ್ಯವಾಗಿದ್ದು ಒಂದೇ ಕಡೆ ಎಡವಿದ್ದರೆ 1 ಕಳೆಯುತ್ತೇನೆ, ಪತ್ರವಿಡೀ ಹಾಗೇ ಇದ್ದರೆ ಎರಡೂ ಹೋಗುತ್ತವೆ. ಆ ಸಾಲಿಗೆ ವಿಷಯದಲ್ಲಿ ಮತ್ತೆ ಕತ್ತರಿ ಹಾಕುವುದಿಲ್ಲ. ಧಾಟಿ 1, ಭಾಷೆ ಒಂದೂವರೆ, ಒಟ್ಟು 6. ಮುಖ್ಯ ಪರೀಕ್ಷಕರ ಅಂಕವೂ ಅದೇ ಬಂತು, ಸುಮ್ನೆ ಹೇಳಿದೆ ಅಷ್ಟೇ.

ಕೋಪ ಇದ್ದ ಮಾತ್ರಕ್ಕೆ ಧಾಟಿ ಕೆಟ್ಟಿತು ಅಂತಲ್ಲ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ನೆಟ್ಟಗೆ ಬರೆದದ್ದು ದೂರಿನ ಪತ್ರಕ್ಕೆ ಒಪ್ಪುವ ಮಾತೇ. ಅದೇ ದೂರಿನಲ್ಲಿ 'ಐ ಮೋಸ್ಟ್ ಹಂಬ್ಲಿ ಬೆಗ್' ಅಂತ ಅಡ್ಡಬಿದ್ದರೆ ನಾನು ಅರ್ಧ ಕಳೆಯುತ್ತೇನೆ. ಇದನ್ನು ಹಲವರು ಒಪ್ಪುವುದಿಲ್ಲ, ವಿನಯ ಜಾಸ್ತಿಯಾದರೆ ತಪ್ಪೇನು ಅನ್ನುತ್ತಾರೆ. ರಜೆ ಕೇಳುವ ಪತ್ರವಾಗಿದ್ದರೆ ನಾನೂ ಬಿಡುತ್ತಿದ್ದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಿದೆ. ಸುತ್ತುಗಳನ್ನು ತಿರುಗಿಸಿ ಧಾಟಿಯನ್ನೇ ಮೊದಲು ತಿದ್ದಿದೆ. ಸಿಟ್ಟು ತರಿಸಿದ ಪತ್ರಗಳಿಗೆ ವಿಷಯದಲ್ಲೂ ಅಂಕ ಇಳಿಯತೊಡಗಿತು, ಅರ್ಧ ಕಟ್ಟಿಗೇ ನಿಲ್ಲಿಸಿದೆ. ಪ್ರಶ್ನೆಯನ್ನೇ ಬಿಟ್ಟು ಬೇರೆ ಯಾವುದೋ ಪತ್ರ ಬರೆದವರಿಗೆ ಫಾರ್ಮ್ಯಾಟಿನ 2 ಕೊಡಬೇಕೋ ಬೇಡವೋ ಅನ್ನುವುದು ಮಾತ್ರ ಯಾವ ಸುತ್ತಿನಲ್ಲೂ ಬಗೆಹರಿಯುವುದಿಲ್ಲ. ಅದನ್ನು ಕಟ್ಟು ಬಿಚ್ಚುವ ಮುಂಚೆಯೇ ಮುಖ್ಯ ಪರೀಕ್ಷಕರನ್ನು ಕೇಳಿ, ಸ್ಕೀಮಿನ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.